ಅಡ್ಜಸ್ಟೆಡ್ ಆರ್ ಸ್ಕ್ವೇರ್ಡ್ ಮೈನಸ್ ಬಂದರೆ ಏನರ್ಥ?

ಪ್ರತಿ ತಿಂಗಳು 12ನೇ ತಾರೀಕಿನ ಆಸುಪಾಸು ಕೇಂದ್ರ ಸರ್ಕಾರ ಚಿಲ್ಲರೆ ಹಣದುಬ್ಬರದ ಅಂಕಿ ಬಿಡುಗಡೆ ಮಾಡುತ್ತದೆ. ಅದು ಹೊರಬಿದ್ದ ಕೂಡಲೇ ಟಿವಿಯಲ್ಲೂ ಮೊಬೈಲಿನಲ್ಲೂ ಒಂದೇ ಚರ್ಚೆ: ಹಣದುಬ್ಬರ ಇಳಿದಿದೆ, ಇನ್ನು ಷೇರುಪೇಟೆ ಏರುತ್ತದಾ? ಅಂಕಿಅಂಶ ಸುಲಭವಾಗಿ ಸಿಗುವ ಕಾಲ ಇದು. ಹಾಗಾಗಿ ಕೆಲವರು ಸುಮ್ನೆ ಕೇಳಿಸಿಕೊಂಡು ಕೂರುವುದಿಲ್ಲ. ಒಂದು ಕಾಲಂನಲ್ಲಿ ಹಣದುಬ್ಬರ, ಇನ್ನೊಂದರಲ್ಲಿ ಪೇಟೆಯ ಏರಿಳಿತ ಹಾಕಿ, ಎಕ್ಸೆಲ್‌ನಲ್ಲೋ ಆರ್ ಎಂಬ ಸಾಫ್ಟ್‌ವೇರ್‌ನಲ್ಲೋ ರಿಗ್ರೆಶನ್, ಅಂದರೆ ಒಂದರಿಂದ ಇನ್ನೊಂದನ್ನು ಅಂದಾಜಿಸುವ ಗೆರೆ ಎಳೆಯುವ ಲೆಕ್ಕ, ಓಡಿಸಿಯೇ ಬಿಡುತ್ತಾರೆ.

ಗೊಂದಲ ಶುರುವಾಗುವುದು ಅಲ್ಲಿಂದಲೇ. ಫಲಿತಾಂಶದಲ್ಲಿ `R Square` ಎಂಬಲ್ಲಿ ಚಿಕ್ಕದಾದರೂ ಪ್ಲಸ್ ಸಂಖ್ಯೆ ಇರುತ್ತದೆ. ಅದರ ಕೆಳಗಿನ ಸಾಲಿನಲ್ಲಿ, `Adjusted R Square` ಎಂಬಲ್ಲಿ, ಮೈನಸ್ ಸಂಖ್ಯೆ ಕೂತಿರುತ್ತದೆ. ವರ್ಗ ಅಂದಮೇಲೆ ಮೈನಸ್ ಹೇಗೆ ಬಂತು? ಸಾಫ್ಟ್‌ವೇರ್ ಕೆಟ್ಟಿದೆಯಾ, ಡೇಟಾ ತಪ್ಪಿದೆಯಾ, ಮಾಡೆಲ್ ಸತ್ತಿದೆಯಾ?

ಸಾಫ್ಟ್‌ವೇರ್ ಕೆಟ್ಟಿಲ್ಲ. ಡೇಟಾ ಕೂಡ ಸರಿಯಾಗಿಯೇ ಇರಬಹುದು. ಮಾಡೆಲ್ ವಿಷಯ ಮಾತ್ರ ಅಷ್ಟು ಸರಳವಲ್ಲ. ಒಮ್ಮೊಮ್ಮೆ ಮೈನಸ್ ಹೇಳುವುದು ಪೂರ್ತಿ ನಿಜ, ಒಮ್ಮೊಮ್ಮೆ ಅದು ದಾರಿ ತಪ್ಪಿಸುತ್ತದೆ.

ಮೊದಲು, ಆರ್ ಸ್ಕ್ವೇರ್ಡ್ ಏನನ್ನು ಅಳೆಯುತ್ತದೆ

ನಮ್ಮ ಹತ್ತಿರ ಹಣದುಬ್ಬರದ ಮಾಹಿತಿ ಇಲ್ಲ ಅಂದುಕೊಳ್ಳಿ. ಪೇಟೆ ಮುಂದಿನ ತಿಂಗಳು ಎಷ್ಟು ಏರುತ್ತದೆ ಎಂದು ಯಾರಾದರೂ ಕೇಳಿದರೆ ಹೇಳಬಹುದಾದದ್ದು ಒಂದೇ: ಇಷ್ಟು ದಿನದ ಸರಾಸರಿ. ಪ್ರತಿ ತಿಂಗಳೂ ಅದೇ ಸರಾಸರಿ ಹೇಳುತ್ತಾ ಹೋದರೆ ಒಂದಷ್ಟು ತಪ್ಪು ಆಗುತ್ತದೆ. ಆ ತಪ್ಪುಗಳನ್ನು ವರ್ಗ ಮಾಡಿ ಕೂಡಿದರೆ ಒಂದು ಮೊತ್ತ ಸಿಗುತ್ತದೆ. ಇದನ್ನು ಒಟ್ಟು ಏರಿಳಿತ ಎನ್ನೋಣ.

ಈಗ ಹಣದುಬ್ಬರದ ಅಂಕಿ ಕೊಟ್ಟು ಒಂದು ಗೆರೆ ಎಳೆಯುತ್ತೇವೆ. ಗೆರೆ ಹೇಳಿದ್ದಕ್ಕೂ ನಿಜವಾಗಿ ಆದದ್ದಕ್ಕೂ ಇರುವ ವ್ಯತ್ಯಾಸವನ್ನು ಅದೇ ರೀತಿ ವರ್ಗ ಮಾಡಿ ಕೂಡಿದರೆ ಉಳಿದ ತಪ್ಪಿನ ಮೊತ್ತ ಸಿಗುತ್ತದೆ. ಒಟ್ಟು ಏರಿಳಿತದಲ್ಲಿ ಈ ಉಳಿದ ತಪ್ಪು ಎಷ್ಟು ಭಾಗ ಎಂದು ನೋಡಿ, ಅದನ್ನು 1ರಿಂದ ಕಳೆದರೆ ಬರುವುದೇ ಆರ್ ಸ್ಕ್ವೇರ್ಡ್.

ಇದು ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲ. ಕಾರಣ ಇಷ್ಟೇ: ಗೆರೆ ಎಳೆಯುವ ವಿಧಾನದ ಕೆಲಸವೇ ಉಳಿದ ತಪ್ಪನ್ನು ಆದಷ್ಟು ಕಡಿಮೆ ಮಾಡುವುದು. ಯಾವ ಸಂಬಂಧವೂ ಕಾಣದಿದ್ದರೆ ಅದು ಗೆರೆಯನ್ನು ಮಟ್ಟಸವಾಗಿ ಮಲಗಿಸಿ ಸರಾಸರಿಯನ್ನೇ ಹೇಳಬಹುದು. ಹಾಗಾಗಿ ಸರಾಸರಿಗಿಂತ ಕಳಪೆ ಆಗುವ ಪ್ರಶ್ನೆಯೇ ಇಲ್ಲ. ಗೆರೆ ಎಲ್ಲಿಂದ ಶುರುವಾಗಬೇಕೆಂಬ ಸ್ವಾತಂತ್ರ್ಯ ಅದಕ್ಕೇ ಇರಬೇಕು, ಅಂದರೆ ಇಂಟರ್‌ಸೆಪ್ಟ್ ಇರಬೇಕು, ಮತ್ತು ಯಾವ ಡೇಟಾದಲ್ಲಿ ಗೆರೆ ಎಳೆದೆವೋ ಅದೇ ಡೇಟಾದಲ್ಲಿ ಅಳೆಯಬೇಕು. ಇವೆರಡೇ ಷರತ್ತು.

ಆದರೆ ಈ ಅಳತೆಗೆ ಒಂದು ಚಟ ಇದೆ. ಏನೇ ಹೊಸ ಕಾಲಂ ಸೇರಿಸಿ, ಅದು ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಸಂಬಂಧವೇ ಇಲ್ಲದ ಕಾಲಂ ಕೂಡ ಆಕಸ್ಮಿಕವಾಗಿ ಸ್ವಲ್ಪವಾದರೂ ಹೊಂದಿಕೊಳ್ಳುತ್ತದೆ. ಈ ಚಟಕ್ಕೆ ಕಡಿವಾಣ ಹಾಕಲು ಬಂದದ್ದೇ ಅಡ್ಜಸ್ಟೆಡ್ ಆವೃತ್ತಿ. 1930ರ ಹೊತ್ತಿಗೆ ಅಮೆರಿಕದ ಕೃಷಿ ಅರ್ಥಶಾಸ್ತ್ರಜ್ಞ ಮೊರ್ಡೆಕೈ ಎಜೆಕಿಯಲ್ ಬಳಕೆಗೆ ತಂದ ತಿದ್ದುಪಡಿ ಇದು ಎಂದು ಸಾಮಾನ್ಯವಾಗಿ ಹೇಳುತ್ತಾರೆ.

ಎಂಟು ತಿಂಗಳ ಲೆಕ್ಕ

ಲೆಕ್ಕ ಕೈಯಲ್ಲೇ ಮಾಡಿ ನೋಡುವುದು ಒಳ್ಳೆಯದು. ಕೆಳಗಿನ ಅಂಕಿಗಳು ನಿಜವಾದ ಪೇಟೆಯವಲ್ಲ, ಲೆಕ್ಕ ಸುಲಭವಾಗಲಿ ಎಂದು ಮಾಡಿಕೊಂಡವು. ಎಂಟು ತಿಂಗಳ ಹಣದುಬ್ಬರ `x`, ಅದರ ಮುಂದಿನ ತಿಂಗಳು ಪೇಟೆ ಶೇಕಡಾ ಎಷ್ಟು ಏರಿತು ಅಥವಾ ಇಳಿಯಿತು ಎಂಬುದು `y`.

```
x <- c(4, 4, 5, 5, 5, 5, 6, 6)
y <- c(3, -2, 1, 4, -3, 2, 1, 2)
summary(lm(y ~ x))
```

ಆರ್ ಕೊಡುವ ಫಲಿತಾಂಶದ ಕೊನೆಯ ಮೂರು ಸಾಲು ಹೀಗಿರುತ್ತವೆ:

```
Residual standard error: 2.55 on 6 degrees of freedom
Multiple R-squared:  0.025,  Adjusted R-squared:  -0.1375
F-statistic: 0.1538 on 1 and 6 DF,  p-value: 0.7084
```

ಈ −0.1375 ಎಲ್ಲಿಂದ ಬಂತು? ಪೇಟೆಯ ಸರಾಸರಿ ಏರಿಕೆ 1. ಪ್ರತಿ ತಿಂಗಳ ವ್ಯತ್ಯಾಸವನ್ನು ವರ್ಗ ಮಾಡಿ ಕೂಡಿದರೆ ಒಟ್ಟು ಏರಿಳಿತ 40 ಬರುತ್ತದೆ. ಗೆರೆ ಎಳೆದ ಮೇಲೆ ಉಳಿಯುವ ತಪ್ಪು 39. ಅಂದರೆ ಹಣದುಬ್ಬರ ವಿವರಿಸಿದ್ದು 40ರಲ್ಲಿ 1 ಮಾತ್ರ. 1 ಭಾಗಿಸು 40, ಅದೇ 0.025.

ಅಡ್ಜಸ್ಟೆಡ್ ಲೆಕ್ಕದಲ್ಲಿ ಇದೇ 40 ಮತ್ತು 39ನ್ನು ನೇರವಾಗಿ ಹೋಲಿಸುವುದಿಲ್ಲ. ಪ್ರತಿಯೊಂದನ್ನೂ ಅದರ ಪಾಲಿನ ಸ್ವಾತಂತ್ರ್ಯದಿಂದ, ಅಂದರೆ ಫಲಿತಾಂಶದಲ್ಲಿ `degrees of freedom` ಎಂದಿರುವ ಸಂಖ್ಯೆಯಂಥದ್ದರಿಂದ, ಭಾಗಿಸುತ್ತಾರೆ. ಎಂಟು ಅಂಕಿಗಳಿಂದ ಸರಾಸರಿ ತೆಗೆಯಲು ಒಂದು ಖರ್ಚಾಯಿತು, ಉಳಿದದ್ದು 7. ಗೆರೆ ಎಳೆಯಲು ಇಂಟರ್‌ಸೆಪ್ಟ್ ಮತ್ತು ಇಳಿಜಾರು ಎಂದು ಎರಡು ಖರ್ಚಾಯಿತು, ಉಳಿದದ್ದು 6. ಈಗ 40 ಭಾಗಿಸು 7 ಅಂದರೆ 5.71. ಇದು ಪೇಟೆಯ ವೇರಿಯನ್ಸ್. 39 ಭಾಗಿಸು 6 ಅಂದರೆ 6.5. ಇದು ಗೆರೆಯ ಸುತ್ತ ಉಳಿದ ವೇರಿಯನ್ಸ್.

ಉಳಿದದ್ದೇ ಮೂಲಕ್ಕಿಂತ ಜಾಸ್ತಿ ಆಯ್ತು. 6.5ನ್ನು 5.71ರಿಂದ ಭಾಗಿಸಿದರೆ 1.1375, ಅದನ್ನು 1ರಿಂದ ಕಳೆದರೆ −0.1375. ಇಲ್ಲಿ ಯಾವ ಸಂಖ್ಯೆಯ ವರ್ಗವನ್ನೂ ಮೈನಸ್ ಮಾಡಿಲ್ಲ. ಹೆಸರಿನಲ್ಲಿ ಸ್ಕ್ವೇರ್ಡ್ ಇದ್ದರೂ ಇದು 1ರಿಂದ ಒಂದು ಅನುಪಾತವನ್ನು ಕಳೆದು ಬಂದ ಸಂಖ್ಯೆ. ಅನುಪಾತ 1 ದಾಟಿದರೆ ಉತ್ತರ ಮೈನಸ್ ಆಗಲೇಬೇಕು.

ಇದನ್ನು ಬೇರೆ ದಾರಿಯಲ್ಲೂ ತಾಳೆ ನೋಡಬಹುದು. ಫಲಿತಾಂಶದಲ್ಲಿರುವ `Residual standard error` 2.55. ಪೇಟೆಯ ಏರಿಳಿತದ ಸ್ಟ್ಯಾಂಡರ್ಡ್ ಡೀವಿಯೇಶನ್ ತೆಗೆದರೆ, ಅಂದರೆ `sd(y)` ಕೊಟ್ಟರೆ, 2.39 ಬರುತ್ತದೆ. ಗೆರೆ ಎಳೆಯುವ ಮೊದಲು 2.39, ಎಳೆದ ಮೇಲೆ 2.55. ಮೈನಸ್ ಬಂದಾಗಲೆಲ್ಲ ಈ ಎರಡು ಸಂಖ್ಯೆ ಹೀಗೇ ತಿರುಗುಮುರುಗಾಗಿರುತ್ತವೆ.

ಸಾಫ್ಟ್‌ವೇರ್ ಇದನ್ನು ಯಾಕೆ ತಡೆಯುವುದಿಲ್ಲ ಎಂದರೆ, ತಡೆಯುವ ಕೆಲಸವನ್ನು ಯಾರೂ ಅದಕ್ಕೆ ಒಪ್ಪಿಸಿಲ್ಲ. ಆರ್‌ನ `summary.lm` ಒಳಗೆ ಇರುವುದು ಒಂದೇ ಸಾಲಿನ ಲೆಕ್ಕ:

```
1 - (1 - r.squared) * ((n - df.int)/rdf)
```

ಇಲ್ಲಿ `rdf` ಅಂದರೆ ಉಳಿದ ಸ್ವಾತಂತ್ರ್ಯ, ನಮ್ಮ ಉದಾಹರಣೆಯಲ್ಲಿ 6. `df.int` ಇಂಟರ್‌ಸೆಪ್ಟ್ ಇದ್ದರೆ 1. ಬಂದ ಉತ್ತರವನ್ನು ಹಾಗೇ ತೋರಿಸುತ್ತದೆ. ಎಂಟು ಅಂಕಿಗೆ ಏಳು ಕಾಲಂ ಹಾಕಿದರೆ `rdf` ಸೊನ್ನೆಯಾಗುತ್ತದೆ. ಆಗ ಆರ್ ಸ್ಕ್ವೇರ್ಡ್ 1 ಎಂದೂ, ಅಡ್ಜಸ್ಟೆಡ್ `NaN` ಎಂದೂ ಬರುತ್ತದೆ. ಪರದೆಯ ಮೇಲೆ ಪೂರ್ತಿ ಯಶಸ್ಸಿನ ಪಕ್ಕದಲ್ಲೇ ಲೆಕ್ಕವೇ ಸಿಗದ ಗುರುತು ಕಂಡರೆ ಕಾರಣ ಅದು.

ಅದೃಷ್ಟದ ಪಾಲು ಎಷ್ಟು?

ಸ್ವಾತಂತ್ರ್ಯದಿಂದ ಭಾಗಿಸುವ ಮಾತು ಪಠ್ಯಪುಸ್ತಕದ್ದು. ಅದೇ ಸೂತ್ರವನ್ನು ಸ್ವಲ್ಪ ತಿರುಗಿಸಿ ಬರೆದರೆ ವಿಷಯ ಇನ್ನೂ ಚೆನ್ನಾಗಿ ಕಾಣುತ್ತದೆ. ಅಂಕಿಗಳ ಸಂಖ್ಯೆ `n`, ಕಾಲಂಗಳ ಸಂಖ್ಯೆ `p` ಆಗಿರಲಿ.

```
c = p / (n - 1)
adjusted R2 = (R2 - c) / (1 - c)
```

ಈ `c` ಏನು? ಕಾಲಂಗಳಿಗೂ ಪೇಟೆಗೂ ಏನೇನೂ ಸಂಬಂಧ ಇಲ್ಲದಿದ್ದರೂ, ಬರೀ ಅದೃಷ್ಟದಿಂದ ಸರಾಸರಿಯಾಗಿ ಸಿಗುವ ಆರ್ ಸ್ಕ್ವೇರ್ಡ್ ಅದು. ನಮ್ಮ ಲೆಕ್ಕದಲ್ಲಿ `p` 1, `n` 8. ಹಾಗಾಗಿ ಅದೃಷ್ಟದ ಪಾಲು 1 ಭಾಗಿಸು 7, ಅಂದರೆ 0.143. ಹಣದುಬ್ಬರದ ಜಾಗದಲ್ಲಿ ಲಾಟರಿ ನಂಬರ್ ಹಾಕಿದ್ದರೂ ಸರಾಸರಿ 0.143 ಬರುತ್ತಿತ್ತು. ನಮಗೆ ಬಂದದ್ದು 0.025. ಅದೃಷ್ಟಕ್ಕೆ ಸಲ್ಲಬೇಕಾದಷ್ಟೂ ಬರಲಿಲ್ಲ. ಸೂತ್ರಕ್ಕೆ ಹಾಕಿ ನೋಡಿ: 0.025ರಿಂದ 0.143 ಕಳೆದು 0.857ರಿಂದ ಭಾಗಿಸಿದರೆ ಅದೇ −0.1375.

ಯುಪಿಎಸ್‌ಸಿ ಪ್ರಿಲಿಮ್ಸ್‌ನ ನೆಗೆಟಿವ್ ಮಾರ್ಕಿಂಗ್ ಕೂಡ ಇದೇ ಲೆಕ್ಕ. ನಾಲ್ಕು ಆಯ್ಕೆ, ತಪ್ಪಿಗೆ ಮೂರನೇ ಒಂದು ಭಾಗ ಅಂಕ ಕಡಿತ. ಕಣ್ಣುಮುಚ್ಚಿ ಟಿಕ್ ಹಾಕಿದವರಿಗೂ ನಾಲ್ಕರಲ್ಲಿ ಒಂದು ಸರಿ ಹೋಗುತ್ತದೆ. ಉಳಿದ ಮೂರಕ್ಕೆ ಕಡಿತವಾಗುವ ಅಂಕ ಆ ಒಂದನ್ನು ಸರಿಯಾಗಿ ನುಂಗುತ್ತದೆ. ಹಾಗಾಗಿ ಊಹೆ ಹೊಡೆದವರ ಸರಾಸರಿ ಸೊನ್ನೆ. ಸರಾಸರಿ ಸೊನ್ನೆ ಇರಬೇಕೆಂದರೆ ಕೆಲವರಿಗೆ ಪ್ಲಸ್, ಕೆಲವರಿಗೆ ಮೈನಸ್ ಬರಲೇಬೇಕು. ಎಲ್ಲರ ಮೈನಸ್ಸನ್ನೂ ಸೊನ್ನೆ ಎಂದು ಬರೆದುಬಿಟ್ಟರೆ ಊಹೆ ಹೊಡೆದವರ ಸರಾಸರಿ ಪ್ಲಸ್ ಆಗಿಬಿಡುತ್ತದೆ, ಅಲ್ವಾ?

ಅಡ್ಜಸ್ಟೆಡ್ ಆರ್ ಸ್ಕ್ವೇರ್ಡ್ ಕೂಡ ಹಾಗೇ. ಸಂಬಂಧವೇ ಇಲ್ಲದಾಗ ಅದರ ಸರಾಸರಿ ಸೊನ್ನೆ ಬರುವಂತೆ ಸೂತ್ರವನ್ನು ಕಟ್ಟಲಾಗಿದೆ. ಸರಾಸರಿ ಸೊನ್ನೆ ಎಂದರೂ ಪ್ಲಸ್ಸು ಮೈನಸ್ಸು ಅರ್ಧರ್ಧ ಬರುವುದಿಲ್ಲ. ಒಂದೇ ಕಾಲಂ ಇದ್ದು, ಸಂಬಂಧ ಪೂರ್ತಿ ಇಲ್ಲವೇ ಇಲ್ಲ ಎಂದಾದರೆ, ಎಂಟು ಅಂಕಿಗಳಲ್ಲಿ ಮೈನಸ್ ಬರುವ ಸಾಧ್ಯತೆ ಸುಮಾರು ಶೇಕಡಾ 64. ಅಂಕಿಗಳು ನೂರಾರು ಇದ್ದರೆ ಅದು ಶೇಕಡಾ 68ರ ಹತ್ತಿರ ಹೋಗುತ್ತದೆ. ಮೂರರಲ್ಲಿ ಎರಡು ಸಲ ಅನ್ನಿ. ಅಂದರೆ ಮೈನಸ್ ಎಂಬುದು ಅಪರೂಪದ ಅಪಘಾತವಲ್ಲ. ಸಂಬಂಧ ಇಲ್ಲದಾಗ ಸಹಜವಾಗಿ ಕಾಣಬೇಕಾದದ್ದೇ ಅದು.

ಇದರ ಇನ್ನೊಂದು ಮುಖವನ್ನು ಜನ ಗಮನಿಸುವುದು ಕಡಿಮೆ. ಸಂಬಂಧವೇ ಇಲ್ಲದಿದ್ದರೂ ಮೂರರಲ್ಲಿ ಒಂದು ಸಲ ಪ್ಲಸ್ ಬರುತ್ತದೆ. ಮೈನಸ್ ಕಂಡು ಗಾಬರಿಯಾಗುವವರು 0.05 ಎಂಬ ಪ್ಲಸ್ ಕಂಡಾಗ ನೆಮ್ಮದಿಯಾಗಿ ಕೂರುತ್ತಾರೆ. ನನ್ನ ಪ್ರಕಾರ ಜಾಸ್ತಿ ಅನುಮಾನ ಪಡಬೇಕಾದದ್ದು ಆ ಸಣ್ಣ ಪ್ಲಸ್ ಮೇಲೆ.

ಕೆಳಗೆ ಎಲ್ಲಿಯವರೆಗೆ?

ಆರ್ ಸ್ಕ್ವೇರ್ಡ್ ಸೊನ್ನೆಗೆ ಇಳಿದಾಗ ಅಡ್ಜಸ್ಟೆಡ್ ತನ್ನ ತಳ ಮುಟ್ಟುತ್ತದೆ. ಆ ತಳ `-p/(n - p - 1)`. ಎಂಟು ಅಂಕಿ, ಒಂದು ಕಾಲಂಗೆ ಅದು −0.167. ಆರು ಅಂಕಿಗೆ ನಾಲ್ಕು ಕಾಲಂ ತುರುಕಿದರೆ −4ರವರೆಗೂ ಹೋಗಬಹುದು. ಹಾಗಾಗಿ ಮೈನಸ್ ಎಷ್ಟು ದೊಡ್ಡದು ಎಂಬುದು ಮಾಡೆಲ್ ಎಷ್ಟು ಕೆಟ್ಟದು ಎಂದು ಹೇಳುವುದಿಲ್ಲ. ಅಂಕಿ ಎಷ್ಟು ಕಡಿಮೆ, ಕಾಲಂ ಎಷ್ಟು ಜಾಸ್ತಿ ಎಂಬುದನ್ನೇ ಹೆಚ್ಚಾಗಿ ಹೇಳುತ್ತದೆ.

ನಿಜವಾದ ಸಂಶೋಧನೆಯಲ್ಲೂ ಇದು ಕಂಡಿದೆ. 2008ರಲ್ಲಿ ಐವೊ ವೆಲ್ಚ್ ಮತ್ತು ಅಮಿತ್ ಗೋಯಲ್ ಎಂಬ ಇಬ್ಬರು ಹಣಕಾಸು ಸಂಶೋಧಕರು ಅಮೆರಿಕದ ಷೇರುಪೇಟೆಯ ಬಗ್ಗೆ ಒಂದು ದೊಡ್ಡ ಪರಿಶೀಲನೆ ಪ್ರಕಟಿಸಿದರು. ಪೇಟೆಯ ಮುಂದಿನ ವರ್ಷದ ಗಳಿಕೆಯನ್ನು ಮುಂಚೆಯೇ ಹೇಳಬಲ್ಲವು ಎಂದು ಹೆಸರು ಮಾಡಿದ್ದ ಹಲವು ಅಂಶಗಳನ್ನು ಒಂದೊಂದಾಗಿ ರಿಗ್ರೆಶನ್‌ಗೆ ಹಾಕಿದರು. ಅದರಲ್ಲಿ ಹಣದುಬ್ಬರವೂ ಇತ್ತು. 80ಕ್ಕೂ ಹೆಚ್ಚು ವರ್ಷಗಳ ವಾರ್ಷಿಕ ಅಂಕಿಗಳಲ್ಲಿ ಹಣದುಬ್ಬರದ ಅಡ್ಜಸ್ಟೆಡ್ ಆರ್ ಸ್ಕ್ವೇರ್ಡ್ ಮೈನಸ್ ಶೇಕಡಾ 1ರ ಆಸುಪಾಸು ಬಂತು.

ಮೈನಸ್ ಶೇಕಡಾ 1 ಎಂದರೆ ಕೇಳಲು ಏನೂ ಅಲ್ಲ ಅನ್ನಿಸುತ್ತದೆ. ತಳ ಎಲ್ಲಿದೆ ನೋಡಿ: ಒಂದು ಕಾಲಂ, 85ರ ಆಸುಪಾಸು ಅಂಕಿ ಇದ್ದರೆ ತಳ ಸುಮಾರು ಮೈನಸ್ ಶೇಕಡಾ 1.2. ಅಂದರೆ ಆ ಸಂಖ್ಯೆ ತಳದ ಹತ್ತಿರವೇ ಕೂತಿತ್ತು. ಇಡೀ ಅವಧಿಯಲ್ಲಿ ಹಣದುಬ್ಬರ ಮುಂದಿನ ವರ್ಷದ ಗಳಿಕೆಯ ಬಗ್ಗೆ ನೇರ ಗೆರೆಯ ಲೆಕ್ಕದಲ್ಲಿ ಹೆಚ್ಚುಕಡಿಮೆ ಏನೂ ಹೇಳಲಿಲ್ಲ. ಅವರು ಆ ಸಂಖ್ಯೆಯನ್ನು ಸೊನ್ನೆ ಮಾಡದೆ ಮೈನಸ್ ಆಗಿಯೇ ಪ್ರಕಟಿಸಿದ್ದರಿಂದಲೇ ಓದುಗರಿಗೆ ಇಷ್ಟು ಗೊತ್ತಾಗುತ್ತದೆ.

ಇನ್ನೊಂದು ಕಾಲಂ ಸೇರಿಸಿದರೆ ಸರಿಹೋಗುತ್ತದಾ?

ಮೈನಸ್ ಕಂಡ ಕೂಡಲೇ ಬಹಳ ಜನ ಮಾಡುವ ಮೊದಲ ಕೆಲಸ ಇದೇ. ನಮ್ಮ ಎಂಟು ತಿಂಗಳಿಗೆ ಸರ್ಕಾರಿ ರಜೆಗಳ ಸಂಖ್ಯೆಯನ್ನೂ ಸೇರಿಸೋಣ: 3, 1, 2, 1, 2, 3, 1, 3. ಆರ್ ಸ್ಕ್ವೇರ್ಡ್ 0.025ರಿಂದ 0.092ಕ್ಕೆ ಹಾರುತ್ತದೆ. ಮೂರು ಪಟ್ಟಿಗೂ ಜಾಸ್ತಿ! ಆದರೆ ಅಡ್ಜಸ್ಟೆಡ್ −0.1375ರಿಂದ −0.2717ಕ್ಕೆ ಬೀಳುತ್ತದೆ.

ಕಾರಣ ಅದೃಷ್ಟದ ಪಾಲು. ಎರಡು ಕಾಲಂ ಆದಮೇಲೆ ಅದು 2 ಭಾಗಿಸು 7, ಅಂದರೆ 0.286. ರಜೆಯ ಕಾಲಂ ತಂದದ್ದು 0.067, ಆದರೆ ಅದು ಬಂದದ್ದರಿಂದ ಗುರಿ 0.143ರಷ್ಟು ಮೇಲೆ ಹೋಯಿತು. ಹೊಸ ಕಾಲಂನ `t value`, ಅಂದರೆ ಅದರ ಇಳಿಜಾರನ್ನು ಆ ಇಳಿಜಾರಿನ ಸ್ಟ್ಯಾಂಡರ್ಡ್ ಎರರ್‌ನಿಂದ ಭಾಗಿಸಿದ ಸಂಖ್ಯೆ, ಚಿಹ್ನೆ ಬಿಟ್ಟು 1ಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಅಡ್ಜಸ್ಟೆಡ್ ಏರುತ್ತದೆ ಎಂಬುದು ಪಕ್ಕಾ ನಿಯಮ. ಇದು ಬಹಳ ಸಡಿಲವಾದ ಅಡ್ಡಗೋಡೆ. ಹತ್ತಾರು ಕಾಲಂಗಳನ್ನು ಹಾಕಿ ತೆಗೆದು ನೋಡುತ್ತಾ ಹೋದರೆ ಯಾವುದೋ ಒಂದು ಗುಂಪು ಪ್ಲಸ್ ತೋರಿಸಿಯೇ ತೋರಿಸುತ್ತದೆ. ಆಗ ಮೈನಸ್ ಹೋಗಿರುತ್ತದೆ, ಮಾಡೆಲ್ ಮಾತ್ರ ಒಂದಿಷ್ಟೂ ಸುಧಾರಿಸಿರುವುದಿಲ್ಲ.

ಮೈನಸ್ ಹೇಳದ ಮಾತು

ಸಂಬಂಧವೇ ಇಲ್ಲ ಎಂದು ಮೈನಸ್ ಸಾಬೀತು ಮಾಡುತ್ತದಾ? ಇಲ್ಲ.

ಅಂಕಿ ಕಡಿಮೆ ಇದ್ದಾಗ ನಿಜವಾದ ಸಂಬಂಧವೂ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಎರಡು ವಿಷಯಗಳ ನಡುವೆ ನಿಜಕ್ಕೂ 0.3ರಷ್ಟು ಕೋರಿಲೇಶನ್ ಇದೆ ಅಂದುಕೊಳ್ಳಿ. ಎಂಟೇ ಅಂಕಿ ತೆಗೆದುಕೊಂಡರೆ ಹೆಚ್ಚುಕಡಿಮೆ ಅರ್ಧದಷ್ಟು ಸಲ ಅಡ್ಜಸ್ಟೆಡ್ ಮೈನಸ್ ಬರುತ್ತದೆ. ಹಾಗಾಗಿ ಎಂಟು ಅಂಕಿಯ ಮೈನಸ್‌ಗೂ ಎಂಟುನೂರು ಅಂಕಿಯ ಮೈನಸ್‌ಗೂ ಒಂದೇ ಬೆಲೆ ಇಲ್ಲ. ಮೊದಲನೆಯದು ಈ ಡೇಟಾದಿಂದ ಏನೂ ಗೊತ್ತಾಗಲಿಲ್ಲ ಎಂದಷ್ಟೇ ಹೇಳುತ್ತದೆ. ಎರಡನೆಯದು ನೇರ ಗೆರೆಯ ಸಂಬಂಧ ಇದ್ದರೂ ತೀರಾ ಚಿಕ್ಕದು ಎಂದು ಹೇಳುತ್ತದೆ.

ನೇರ ಗೆರೆ ಎಂಬ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. `x` ಜಾಗದಲ್ಲಿ −2, −1, 0, 1, 2 ಮತ್ತು `y` ಜಾಗದಲ್ಲಿ ಅವುಗಳದೇ ವರ್ಗ 4, 1, 0, 1, 4 ಹಾಕಿ ನೋಡಿ. ಇಲ್ಲಿ ಒಂದು ಗೊತ್ತಾದರೆ ಇನ್ನೊಂದನ್ನು ತಪ್ಪಿಲ್ಲದೆ ಹೇಳಬಹುದು. ಆದರೂ ಗೆರೆ ಮಟ್ಟಸವಾಗಿ ಮಲಗುತ್ತದೆ, ಆರ್ ಸ್ಕ್ವೇರ್ಡ್ ಸೊನ್ನೆ, ಅಡ್ಜಸ್ಟೆಡ್ −0.333. ಮಳೆ ಮತ್ತು ಇಳುವರಿಯಂಥ ವಿಷಯಗಳಲ್ಲಿ ಇದು ಬರೀ ಲೆಕ್ಕದ ಆಟವಲ್ಲ. ಮಳೆ ಕಮ್ಮಿಯಾದರೂ ಬೆಳೆ ಹೋಗುತ್ತದೆ, ಅತಿಯಾದರೂ ಹೋಗುತ್ತದೆ. ಅದಕ್ಕೇ ಮೈನಸ್ ಬಂದಾಗ ಮೊದಲು ಮಾಡಬೇಕಾದದ್ದು ಚುಕ್ಕೆಗಳ ಚಿತ್ರ ಬಿಡಿಸಿ ಕಣ್ಣಿನಿಂದ ನೋಡುವುದು. ಬಿಲ್ಲಿನಂತೆ ಬಾಗಿದ ಆಕಾರ ಕಂಡರೆ ತಪ್ಪಿರುವುದು ಕಾಲಂ ಅಲ್ಲ, ಗೆರೆ.

ಪ್ಯಾನೆಲ್ ಡೇಟಾದಲ್ಲಿ ಬರುವ ಮೋಸದ ಮೈನಸ್

ಇನ್ನೊಂದು ಬಗೆಯ ಮೈನಸ್ ಇದೆ. ಅರ್ಥಶಾಸ್ತ್ರದ ವಿದ್ಯಾರ್ಥಿಗಳನ್ನು ಅತಿ ಹೆಚ್ಚು ಕಂಗೆಡಿಸುವುದು ಅದೇ. ಒಂದೇ ಕಂಪನಿಗಳನ್ನೋ ಜಿಲ್ಲೆಗಳನ್ನೋ ಹಲವು ವರ್ಷ ಹಿಂಬಾಲಿಸಿದ ಡೇಟಾಗೆ ಆರ್‌ನ `plm` ಪ್ಯಾಕೇಜ್ ಬಳಸಿ ಫಿಕ್ಸೆಡ್ ಎಫೆಕ್ಟ್ ಮಾಡೆಲ್ ಓಡಿಸಿದಾಗ ಇದು ಕಾಣುತ್ತದೆ.

100 ಕಂಪನಿ, 5 ವರ್ಷ, ಒಟ್ಟು 500 ಅಂಕಿ, ನಮಗೆ ಬೇಕಾದ ಕಾಲಂ ಒಂದೇ ಅಂದುಕೊಳ್ಳಿ. ಈ ವಿಧಾನ ಮೊದಲು ಪ್ರತಿ ಕಂಪನಿಯ ಅಂಕಿಗಳಿಂದ ಆ ಕಂಪನಿಯದೇ ಸರಾಸರಿಯನ್ನು ಕಳೆಯುತ್ತದೆ. ಆಮೇಲೆ ಉಳಿದದ್ದರ ಮೇಲೆ ಗೆರೆ ಎಳೆಯುತ್ತದೆ. ಬಂದ ಆರ್ ಸ್ಕ್ವೇರ್ಡ್ 0.05 ಆಗಿರಲಿ. `plm` ತೋರಿಸುವ ಅಡ್ಜಸ್ಟೆಡ್ −0.188. ಅದೇ ಪರದೆಯಲ್ಲಿ, ವಿವರಿಸಿದ ವೇರಿಯನ್ಸನ್ನು ಉಳಿದ ವೇರಿಯನ್ಸ್‌ಗೆ ಹೋಲಿಸುವ ಎಫ್ ಸಂಖ್ಯೆ 21, ಪಿ ವ್ಯಾಲ್ಯೂ ಅತಿ ಚಿಕ್ಕದು, ಕಾಲಂ ಮುಂದೆ ಮೂರು ನಕ್ಷತ್ರ. ಒಂದು ಸಾಲು ಸಂಬಂಧ ಗಟ್ಟಿಯಾಗಿದೆ ಅನ್ನುತ್ತದೆ, ಇನ್ನೊಂದು ಏನೂ ಇಲ್ಲ ಅನ್ನುತ್ತದೆ.

ಮಾಮೂಲಿ ರಿಗ್ರೆಶನ್‌ನಲ್ಲಿ ಹೀಗೆ ಆಗಲು ಸಾಧ್ಯವೇ ಇಲ್ಲ. ಅಲ್ಲಿ ಅಡ್ಜಸ್ಟೆಡ್ ಮೈನಸ್ ಆಗುವುದೂ ಎಫ್ ಸಂಖ್ಯೆ 1ಕ್ಕಿಂತ ಕೆಳಗಿರುವುದೂ ಒಂದೇ ಮಾತು. ನಮ್ಮ ಎಂಟು ತಿಂಗಳ ಲೆಕ್ಕದಲ್ಲಿ ಎಫ್ 0.1538 ಇದ್ದದ್ದನ್ನು ನೆನಪಿಸಿಕೊಳ್ಳಿ. ಎಫ್ 21 ಇದ್ದೂ ಅಡ್ಜಸ್ಟೆಡ್ ಮೈನಸ್ ಇದೆ ಎಂದರೆ ಎರಡು ಲೆಕ್ಕ ಬೇರೆ ಬೇರೆ ತಳಹದಿಯ ಮೇಲೆ ನಿಂತಿವೆ ಎಂದೇ ಅರ್ಥ.

ಆಗಿರುವುದು ಹೀಗೆ. ಕಂಪನಿಗಳ ಸರಾಸರಿ ತೆಗೆಯಲು 100 ಸ್ವಾತಂತ್ರ್ಯ ಖರ್ಚಾಗಿದೆ, ಗೆರೆಗೆ ಇನ್ನೊಂದು. ಉಳಿದದ್ದು 399. ಸೂತ್ರ ಈ ಖರ್ಚನ್ನೆಲ್ಲ ಮಾಡೆಲ್‌ನ ಲೆಕ್ಕಕ್ಕೆ ಬರೆದು 499ನ್ನು 399ರಿಂದ ಭಾಗಿಸುತ್ತದೆ. ಆದರೆ ಆರ್ ಸ್ಕ್ವೇರ್ಡ್ ಮಾತ್ರ ಸರಾಸರಿಗಳು ಹೋದ ಮೇಲೆ ಉಳಿದ ಏರಿಳಿತದಲ್ಲಿ ಅಳೆದದ್ದು. ಕಂಪನಿ ಕಂಪನಿಗಳ ನಡುವಿನ ವ್ಯತ್ಯಾಸವನ್ನು ವಿವರಿಸಿದ್ದಕ್ಕೆ ಆ 100 ಸರಾಸರಿಗಳಿಗೆ ಅಂಕವೇ ಸಿಕ್ಕಿಲ್ಲ. ದಂಡ ಮಾತ್ರ ಪೂರ್ತಿ ಬಿದ್ದಿದೆ.

ನ್ಯಾಯವಾಗಿ ಹೋಲಿಸಬೇಕೆಂದರೆ ಎರಡೂ ಕಡೆ ಆ 100ನ್ನು ಕಳೆಯಬೇಕು. ಆಗ 400ನ್ನು 399ರಿಂದ ಭಾಗಿಸಿ, 0.95ರಿಂದ ಗುಣಿಸಿ, 1ರಿಂದ ಕಳೆದರೆ 0.048 ಬರುತ್ತದೆ. ಈ ಸಂಖ್ಯೆ ಎಫ್ ಜೊತೆ ಹೊಂದುತ್ತದೆ. ಕಂಪನಿಯೊಳಗಿನ ಏರಿಳಿತದಲ್ಲಿ ಶೇಕಡಾ 5ರಷ್ಟನ್ನು ಈ ಕಾಲಂ ವಿವರಿಸುತ್ತದೆ, ಕಮ್ಮಿಯಾದರೂ ಅದು ಬರೀ ಅದೃಷ್ಟವಲ್ಲ ಎಂದು ಓದಬಹುದು. ಇಲ್ಲಿ ಮೈನಸ್ ನೋಡಿ ಮಾಡೆಲ್ ಕಸದ ಬುಟ್ಟಿಗೆ ಹಾಕಿದವರು ಒಳ್ಳೆಯ ಫಲಿತಾಂಶವನ್ನೇ ಎಸೆದಂತೆ. ವರ್ಷ ಕಡಿಮೆ ಇದ್ದಷ್ಟೂ ಈ ಗೊಂದಲ ದೊಡ್ಡದಾಗುತ್ತದೆ.

ಆರ್ ಸ್ಕ್ವೇರ್ಡೇ ಮೈನಸ್ ಆದರೆ ಕಥೆ ಬೇರೆ

ಪೈಥಾನ್‌ನ ಸೈಕಿಟ್‌ಲರ್ನ್ ಬಳಸುವವರು `r2_score` ಕೊಟ್ಟಾಗ ನೇರವಾಗಿ ಆರ್ ಸ್ಕ್ವೇರ್ಡೇ ಮೈನಸ್ ಬರುವುದನ್ನು ಕಂಡಿರುತ್ತಾರೆ. ಅದನ್ನು ಇದರ ಜೊತೆ ಬೆರೆಸಬಾರದು. ಅಲ್ಲಿ ಯಾವ ತಿದ್ದುಪಡಿಯೂ ಇಲ್ಲ. ಗೆರೆ ಎಳೆದದ್ದು ಒಂದು ಡೇಟಾದಲ್ಲಿ, ಅಳೆದದ್ದು ಮಾಡೆಲ್ ನೋಡಿರದ ಇನ್ನೊಂದು ಡೇಟಾದಲ್ಲಿ. ಅಲ್ಲಿ ಮೈನಸ್ ಬಂದರೆ ಆ ಹೊಸ ಡೇಟಾದ ಸರಾಸರಿಯನ್ನು ಹೇಳಿ ಸುಮ್ಮನಿದ್ದಿದ್ದರೂ ತಪ್ಪು ಕಡಿಮೆ ಆಗುತ್ತಿತ್ತು ಎಂದೇ ಅರ್ಥ. ಇದಕ್ಕೆ ತಳವೂ ಇಲ್ಲ, ಎಷ್ಟು ಬೇಕಾದರೂ ಕೆಳಗೆ ಹೋಗಬಹುದು.

ಅಡ್ಜಸ್ಟೆಡ್ ಮೈನಸ್ ಒಂದು ಅಂದಾಜು. ಪರೀಕ್ಷೆಯ ಡೇಟಾದ ಮೈನಸ್ ನೇರ ಅಳತೆ. ವೆಲ್ಚ್ ಮತ್ತು ಗೋಯಲ್ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದ್ದರು. ಡೇಟಾದ ಒಳಗೆ ಪರವಾಗಿಲ್ಲ ಅನ್ನಿಸಿದ್ದ ಹಲವು ಅಂಶಗಳು ಕೂಡ ಹೊರಗಿನ ಪರೀಕ್ಷೆಯಲ್ಲಿ ಹಿಂದಿನ ವರ್ಷಗಳ ಬರೀ ಸರಾಸರಿಯ ಎದುರು ಸೋತವು.

ಸೊನ್ನೆ ಎಂದು ಬರೆಯಬೇಕಾ, ಹಾಗೇ ಬಿಡಬೇಕಾ?

ವರದಿ ಬರೆಯುವಾಗ ಇಲ್ಲಿ ಎರಡು ಪಕ್ಷ. ಒಂದು ಪಕ್ಷದ ವಾದ: ವಿವರಿಸಿದ ಭಾಗ ಎಂಬುದು ಸೊನ್ನೆಗಿಂತ ಕಡಿಮೆ ಇರಲು ಸಾಧ್ಯವಿಲ್ಲ. ಅಂದಾಜು ಮೈನಸ್ ಬಂದರೂ ನಿಜ ಏನೇ ಇದ್ದರೂ ಸೊನ್ನೆಗಿಂತ ಕೆಳಗಿಲ್ಲ. ಹಾಗಾಗಿ 0 ಎಂದು ಬರೆದರೆ ನಿಜಕ್ಕೆ ಹತ್ತಿರವಾಗುತ್ತೇವೆ, ಓದುಗರಿಗೂ ಗೊಂದಲ ಇಲ್ಲ. ಒಂದೇ ಮಾಡೆಲ್ ಬಗ್ಗೆ ಮಾತಾಡುವಾಗ ಈ ವಾದದಲ್ಲಿ ತಪ್ಪಿಲ್ಲ.

ಇನ್ನೊಂದು ಪಕ್ಷ ನೋಡುವುದು ಒಂದು ಮಾಡೆಲ್ ಅಲ್ಲ, ನೂರಾರು. ಸಂಬಂಧವೇ ಇಲ್ಲದ ವಿಷಯದ ಮೇಲೆ ಹತ್ತಾರು ತಂಡಗಳು ಅಧ್ಯಯನ ಮಾಡಿದರೆ ಮೂರರಲ್ಲಿ ಎರಡು ತಂಡಕ್ಕೆ ಮೈನಸ್, ಒಂದಕ್ಕೆ ಪ್ಲಸ್ ಬರುತ್ತದೆ. ಹಾಗೇ ಬಿಟ್ಟರೆ ಎಲ್ಲದರ ಸರಾಸರಿ ಸೊನ್ನೆಯ ಹತ್ತಿರ ನಿಲ್ಲುತ್ತದೆ. ಮೈನಸ್ಸುಗಳನ್ನೆಲ್ಲ ಸೊನ್ನೆ ಮಾಡಿದರೆ ಉಳಿಯುವುದು ಸೊನ್ನೆಗಳು ಮತ್ತು ಪ್ಲಸ್ಸುಗಳು. ಆಗ ಇಲ್ಲದ ಸಂಬಂಧಕ್ಕೂ ಸರಾಸರಿಯಲ್ಲಿ ಒಂದಿಷ್ಟು ಬಲ ಕಾಣುತ್ತದೆ. ಹಳೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೀರ್ಮಾನಕ್ಕೆ ಬರುವವರಿಗೆ ಇದು ನಿಜವಾದ ನಷ್ಟ.

ನನಗೆ ಎರಡನೇ ವಾದವೇ ಗಟ್ಟಿ ಅನ್ನಿಸುತ್ತದೆ. ಕೋಷ್ಟಕದಲ್ಲಿ −0.14 ಎಂದೇ ಬರೆದು, ಪಕ್ಕದಲ್ಲಿ `n` ಮತ್ತು `p` ಎಷ್ಟು ಎಂದು ಕೊಟ್ಟರೆ ಸಾಕು. ಆ ಎರಡು ಸಂಖ್ಯೆ ಸಿಕ್ಕರೆ ತಳ ಎಲ್ಲಿದೆ, ಅದೃಷ್ಟದ ಪಾಲು ಎಷ್ಟು ಎಂದು ಓದುವವರೇ ಅರ್ಧ ನಿಮಿಷದಲ್ಲಿ ಲೆಕ್ಕ ಹಾಕಿಕೊಳ್ಳುತ್ತಾರೆ. ಬರಹದ ಭಾಗದಲ್ಲಿ ಮಾತ್ರ ಹಣದುಬ್ಬರ ಪೇಟೆಯ ಏರಿಳಿತದ ಮೈನಸ್ ಶೇಕಡಾ 14ನ್ನು ವಿವರಿಸುತ್ತದೆ ಎಂದು ಬರೆಯಬೇಡಿ. ಹಾಗೆಂದರೆ ಏನೂ ಅರ್ಥವಿಲ್ಲ. ಈ ಎಂಟು ತಿಂಗಳಲ್ಲಿ ನೇರ ಗೆರೆಯ ಸಂಬಂಧಕ್ಕೆ ಯಾವ ಪುರಾವೆಯೂ ಕಾಣಲಿಲ್ಲ, ಎಂಟು ತಿಂಗಳು ಇದನ್ನು ತೀರ್ಮಾನಿಸಲು ಸಾಲುವುದೂ ಇಲ್ಲ ಎಂದರೆ ಆಯಿತು.